ಸ್ವಯಂಚಾಲಿತ ವರದಿಗೆ ಡೇಟಾ ಡಿಕ್ಷನರಿ ಬರೆಯುವುದು ಹೇಗೆ?

ಜಿಲ್ಲಾ ಮಟ್ಟದ ಹಾಲು ಒಕ್ಕೂಟವೊಂದರಲ್ಲಿ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಎರಡು ವರದಿಗಳು ತಾವಾಗಿಯೇ ಅಧಿಕಾರಿಗಳ ಮೇಲ್‌ಗೆ ಬರುತ್ತವೆ ಎಂದಿಟ್ಟುಕೊಳ್ಳೋಣ. ಎರಡರಲ್ಲೂ ‘ನಿನ್ನೆಯ ಹಾಲು ಶೇಖರಣೆ’ ಎಂಬ ಸಾಲಿದೆ. ಆದರೆ ಶೇಖರಣಾ ವಿಭಾಗದ ವರದಿಯ ಸಂಖ್ಯೆಯೇ ಬೇರೆ, ಉತ್ಪಾದನಾ ವಿಭಾಗದ್ದೇ ಬೇರೆ. ಎರಡನ್ನೂ ಕಂಪ್ಯೂಟರೇ ಲೆಕ್ಕ ಹಾಕಿದೆ, ಯಾವುದರಲ್ಲಿಯೂ ಕೂಡುವ ತಪ್ಪಿಲ್ಲ. ‘ಶೇಖರಣೆ’ ಎಂದರೆ ಏನು ಎಂಬುದನ್ನು ಯಾರೂ ಎಲ್ಲಿಯೂ ಬರೆದಿಲ್ಲ ಎನ್ನುವುದಷ್ಟೇ ಕೊರತೆ. ಆ ಕೊರತೆಯನ್ನು ತುಂಬುವ ಪಟ್ಟಿಯೇ ಡೇಟಾ ಡಿಕ್ಷನರಿ.

ಈ ಕೆಲಸ ಕೆಡುವುದು ಬಹುತೇಕ ಒಂದೇ ರೀತಿಯಲ್ಲಿ. ಡೇಟಾಬೇಸ್‌ನಲ್ಲಿರುವ ಎಲ್ಲ ಟೇಬಲ್‌ಗಳ ಎಲ್ಲ ಕಾಲಂಗಳನ್ನೂ ಇಳಿಸಿಕೊಂಡು, ಪ್ರತಿಯೊಂದರ ಮುಂದೆ ಒಂದು ವಾಕ್ಯ ಬರೆಯಲು ಹೊರಟು, ಮೂರನೆಯ ವಾರಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಡೇಟಾಬೇಸ್ ತೆರೆಯಲೇ ಬೇಡಿ. ಹೊರಗೆ ಹೋಗುವ ವರದಿಗಳನ್ನು ಮುದ್ರಿಸಿಕೊಂಡು, ಅವುಗಳಲ್ಲಿ ಕಾಣುವ ಅಂಕಿಗಳ ಹೆಸರನ್ನು ಮಾತ್ರ ಪಟ್ಟಿ ಮಾಡಿ. ಒಂದೇ ಹೆಸರು ಎರಡು ವರದಿಗಳಲ್ಲಿದ್ದರೆ ಎರಡು ಸಾಲು ಬರೆಯಿರಿ. ಅವೆರಡೂ ಒಂದೇ ಎಂದು ಈಗಲೇ ನಂಬುವುದು ಬೇಡ.

ಪಟ್ಟಿಯನ್ನು ಎಲ್ಲಿಡಬೇಕು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಲ್ಲರೂ ಓದಬಲ್ಲ, ಇಬ್ಬರು ಮಾತ್ರ ತಿದ್ದಬಲ್ಲ ಒಂದು ಶೀಟ್ ಸಾಕು. ಡೇಟಾಬೇಸ್ ನೋಡಿ ವಿವರಣೆಯನ್ನು ತಾನೇ ತುಂಬಿಕೊಡುತ್ತೇವೆ ಎನ್ನುವ ದುಬಾರಿ ಸಾಫ್ಟ್‌ವೇರ್‌ಗಳನ್ನು ಆರಂಭದಲ್ಲಿ ಕೊಳ್ಳಲೇಬೇಡಿ. `milk_qty` ಎಂಬ ಕಾಲಂನ ಮುಂದೆ ‘ಹಾಲಿನ ಪ್ರಮಾಣ’ ಎಂದು ಬರೆದುಕೊಡುವುದರಾಚೆಗೆ ಅವುಗಳಿಂದ ಇಲ್ಲಿ ಪ್ರಯೋಜನವಿಲ್ಲ. ಯಾವ ಹಾಲು, ಎಲ್ಲಿ ಅಳೆದದ್ದು, ಯಾವ ದಿನದ ಲೆಕ್ಕಕ್ಕೆ ಸೇರಿದ್ದು ಎಂಬುದು ಯಾವ ಕಾಲಂನ ಹೆಸರಿನಲ್ಲಿಯೂ ಇರುವುದಿಲ್ಲ.

ಇನ್ನು ಕಷ್ಟದ ಹಂತ, ಅಂದರೆ ವ್ಯಾಖ್ಯೆ ಬರೆಯುವುದು. ಹಾಲು ಶೇಖರಣೆಯನ್ನೇ ತೆಗೆದುಕೊಳ್ಳೋಣ. ಇದಕ್ಕೆ ಸಾಮಾನ್ಯವಾಗಿ ಸಿಗುವ ವ್ಯಾಖ್ಯೆ ‘ದಿನವೊಂದರಲ್ಲಿ ಶೇಖರಿಸಿದ ಒಟ್ಟು ಹಾಲು’ ಎಂಬುದು. ಓದಲು ಸರಿಯಾಗಿದೆ, ಆದರೆ ಹೆಸರನ್ನೇ ಸ್ವಲ್ಪ ಉದ್ದಮಾಡಿ ಹೇಳಿದ್ದನ್ನು ಬಿಟ್ಟರೆ ಇದರಲ್ಲಿ ಏನೂ ಇಲ್ಲ. ವ್ಯಾಖ್ಯೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ನಾನು ಶಿಫಾರಸು ಮಾಡುವ ಪರೀಕ್ಷೆ ಇಷ್ಟೇ: ವರದಿಯನ್ನು ಎಂದೂ ನೋಡದ ಇಬ್ಬರಿಗೆ ವ್ಯಾಖ್ಯೆಯನ್ನೂ ಒಂದು ದಿನದ ಮೂಲ ದಾಖಲೆಗಳನ್ನೂ ಕೊಟ್ಟು, ಬೇರೆ ಬೇರೆ ಕೂರಿಸಿ ಲೆಕ್ಕ ಹಾಕಿಸಬೇಕು. ಇಬ್ಬರಿಗೂ ಒಂದೇ ಉತ್ತರ ಬಂದರೆ ಮಾತ್ರ ವ್ಯಾಖ್ಯೆ ಮುಗಿದಂತೆ.

ಮೇಲಿನ ವ್ಯಾಖ್ಯೆಯನ್ನು ಹಿಡಿದು ಲೆಕ್ಕಕ್ಕೆ ಕೂತವರು ಮೊದಲು ಎಡವುವುದು ಅಳತೆಯ ಮಾನದಲ್ಲಿ. ಹಳ್ಳಿಯ ಸಂಘದಲ್ಲಿ ರೈತರ ಹಾಲನ್ನು ಲೀಟರ್‌ನಲ್ಲಿ ಬರೆದುಕೊಂಡಿದ್ದು, ಮುಖ್ಯ ಡೇರಿಯಲ್ಲಿ ಅದನ್ನು ತೂಕ ಮಾಡಿ ಕಿಲೋದಲ್ಲಿ ದಾಖಲಿಸಿರಬಹುದು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಸಂಘಗಳಿಂದ 1,00,000 ಲೀಟರ್ ಹೊರಟಿದ್ದರೆ ಡೇರಿಯಲ್ಲಿ 1,03,000 ಕಿಲೋ ಬರಬೇಕು. ಡೇರಿಯ ದಾಖಲೆ 1,01,000 ಎಂದಿದ್ದರೆ, ಮಾನವನ್ನು ಗಮನಿಸದವರಿಗೆ ಅದು ಸಾವಿರ ಹೆಚ್ಚಾದಂತೆ ಕಾಣುತ್ತದೆ. ಆದರೆ 1,01,000 ಕಿಲೋವನ್ನು 1.03ರಿಂದ ಭಾಗಿಸಿದರೆ ಸಿಗುವುದು ಸುಮಾರು 98,058 ಲೀಟರ್. ಹಾಗಾಗಿ ದಾರಿಯಲ್ಲಿ ಹತ್ತಿರಹತ್ತಿರ 1,942 ಲೀಟರ್ ಕಡಿಮೆಯಾಗಿದೆ. ಆದ್ದರಿಂದ ವ್ಯಾಖ್ಯೆಯಲ್ಲಿ ಮಾನವನ್ನು ಬರೆದರೆ ಸಾಲದು, ಪರಿವರ್ತನೆಗೆ ಬಳಸುವ ಸಂಖ್ಯೆಯನ್ನೂ ಬರೆಯಬೇಕು. ಒಬ್ಬರು 1.03 ಹಿಡಿದು ಇನ್ನೊಬ್ಬರು 1.028 ಹಿಡಿದರೆ ಒಂದು ಲಕ್ಷ ಲೀಟರಿಗೆ 200 ಕಿಲೋ ವ್ಯತ್ಯಾಸ ಅಲ್ಲಿಯೇ ಹುಟ್ಟುತ್ತದೆ.

ಎರಡನೆಯದು ದಿನಾಂಕ. ಸಂಜೆ ರೈತರು ಹಾಕಿದ ಹಾಲು ರಾತ್ರಿಯಿಡೀ ಸಂಘದ ಶೀತಲೀಕರಣ ಘಟಕದಲ್ಲಿ ಉಳಿದು, ಮರುದಿನದ ಟ್ಯಾಂಕರ್‌ನಲ್ಲಿ ಡೇರಿಗೆ ಹೋಗುತ್ತದೆ ಎನ್ನಿ. ಹನ್ನೆರಡನೆಯ ತಾರೀಖಿನ ಸಂಜೆಯ ಹಾಲು ಸಂಘದ ಪುಸ್ತಕದಲ್ಲಿ ಹನ್ನೆರಡಕ್ಕೂ ಡೇರಿಯ ಪುಸ್ತಕದಲ್ಲಿ ಹದಿಮೂರಕ್ಕೂ ಸೇರುತ್ತದೆ. ಇದರ ಮೇಲೆ ಕಂಪ್ಯೂಟರ್ ತನ್ನದೊಂದು ತೊಡಕನ್ನು ಸೇರಿಸುವುದುಂಟು: ಸರ್ವರ್‌ನ ಗಡಿಯಾರ ಯುಟಿಸಿ ಸಮಯದಲ್ಲಿದ್ದರೆ ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ 5.15ಕ್ಕೆ ಅಳೆದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗಿಬಿಡುತ್ತದೆ. ಸಂಘದ ಯಂತ್ರದಲ್ಲಿ ಕಾರ್ಯದರ್ಶಿಯವರು ಆಯ್ದ ದಿನಾಂಕ ಮತ್ತು ಹೊತ್ತನ್ನೇ ಪ್ರಮಾಣವಾಗಿ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವರ್‌ಗೆ ದಾಖಲೆ ಮುಟ್ಟಿದ ಸಮಯ ನೆಟ್‌ವರ್ಕ್ ಹೇಗಿತ್ತು ಎಂಬುದನ್ನು ಹೇಳುತ್ತದೆಯೇ ಹೊರತು ಹಾಲು ಯಾವಾಗ ಬಂತು ಎಂಬುದನ್ನಲ್ಲ. ನೆಟ್‌ವರ್ಕ್ ಇಲ್ಲದ ಸಂಘಗಳ ದಾಖಲೆ ತಡವಾಗಿ ಬರುವುದರಿಂದ, ಅಂಕಿಯನ್ನು ಯಾವಾಗ ಮುಚ್ಚಿ ಅಂತಿಮಗೊಳಿಸಲಾಗುತ್ತದೆ ಎಂಬುದನ್ನೂ ವ್ಯಾಖ್ಯೆ ಹೇಳಬೇಕು. ಇಲ್ಲದಿದ್ದರೆ ಬೆಳಿಗ್ಗೆ ಓದಿದ ಸಂಖ್ಯೆ ಸಂಜೆಯ ಸಭೆಗೆ ಬದಲಾಗಿರುತ್ತದೆ.

ಮೂರನೆಯದು ಏನು ಸೇರಿದೆ, ಏನು ಸೇರಿಲ್ಲ ಎಂಬುದು. ಸಂಘವು ಊರಿನಲ್ಲಿಯೇ ಮಾರುವ ಹಾಲು ರೈತರಿಂದ ಬಂದದ್ದೇ, ಆದರೆ ಅದು ಡೇರಿಗೆ ಹೋಗುವುದಿಲ್ಲ. ಡೇರಿಯಲ್ಲಿ ಹುಳಿಯಾಗಿದೆ ಎಂದು ತಿರಸ್ಕರಿಸಿದ ಹಾಲು ಸಂಘದ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಇವೆರಡನ್ನೂ ಹೆಸರಿಸದೆ ಬಿಟ್ಟ ವ್ಯಾಖ್ಯೆ ಎಷ್ಟು ಉದ್ದವಿದ್ದರೂ ಅಪೂರ್ಣವೇ.

ಎರಡು ವರದಿಗಳು ಈಗಾಗಲೇ ಹೊಂದುತ್ತಿಲ್ಲ ಎಂದಾದರೆ, ಕಾರಣ ಹುಡುಕಲು ಒಂದು ತಿಂಗಳ ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸದ ನಡೆ ನೋಡಿ. ಪ್ರತಿದಿನವೂ ಶೇಕಡಾ 3ರ ಆಸುಪಾಸಿನಲ್ಲಿಯೇ ನಿಂತಿದ್ದರೆ ಮೊದಲು ಮಾನವನ್ನು ಶಂಕಿಸಿ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಎಂದು ತೂಗಾಡುತ್ತ ತಿಂಗಳ ಮೊತ್ತದಲ್ಲಿ ಬಹುತೇಕ ಹೊಂದಿಕೊಂಡರೆ ಅದು ದಿನಾಂಕದ ತೊಂದರೆ. ಬೇಸಿಗೆಯಲ್ಲಿ, ಅದರಲ್ಲಿಯೂ ಕ್ಯಾನ್‌ನಲ್ಲಿ ಹಾಲು ಬರುವ ಮಾರ್ಗಗಳಲ್ಲಿ ಮಾತ್ರ ಕಾಣಿಸಿಕೊಂಡರೆ ತಿರಸ್ಕೃತ ಹಾಲಿನ ಕಡೆ ನೋಡಬೇಕು. ಕೆಲವೇ ಸಂಘಗಳಲ್ಲಿ ನಿತ್ಯವೂ ಉಳಿಯುವ ವ್ಯತ್ಯಾಸ ಸ್ಥಳೀಯ ಮಾರಾಟದ್ದಾಗಿರುವ ಸಾಧ್ಯತೆ ಹೆಚ್ಚು.

ಇಷ್ಟನ್ನೂ ತೀರ್ಮಾನಿಸಿದ ಮೇಲೆ ವ್ಯಾಖ್ಯೆ ಹೀಗೆ ಬರುತ್ತದೆ: ‘ಸಂಘದ ಯಂತ್ರದಲ್ಲಿ ನಮೂದಾದ ದಿನಾಂಕದ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಸದಸ್ಯರಿಂದ ಸ್ವೀಕರಿಸಿದ ಹಾಲಿನ ಮೊತ್ತ, ಲೀಟರ್‌ಗಳಲ್ಲಿ. ಕಿಲೋದಲ್ಲಿ ದಾಖಲಾಗಿದ್ದರೆ 1.03ರಿಂದ ಭಾಗಿಸಬೇಕು. ಸ್ಥಳೀಯವಾಗಿ ಮಾರಿದ ಹಾಲು ಮತ್ತು ನಂತರ ಡೇರಿಯಲ್ಲಿ ತಿರಸ್ಕೃತವಾದ ಹಾಲು ಸೇರುತ್ತದೆ. ಸಂಘದಲ್ಲಿಯೇ ಹಿಂದಿರುಗಿಸಿದ ಹಾಲು ಸೇರುವುದಿಲ್ಲ. ಮೂರನೆಯ ದಿನದ ಬೆಳಿಗ್ಗೆ ಹತ್ತರವರೆಗೆ ತಾತ್ಕಾಲಿಕ, ಬಳಿಕ ಅಂತಿಮ.’ ಡೇರಿಯಲ್ಲಿ ತೂಗಿದ ಪ್ರಮಾಣ ಇದಲ್ಲವಾದ್ದರಿಂದ ಅದಕ್ಕೆ ‘ಡೇರಿ ಸ್ವೀಕೃತಿ’ ಎಂಬ ಬೇರೆ ಹೆಸರು, ಬೇರೆ ಸಾಲು. ಎರಡೂ ವಿಭಾಗಗಳನ್ನು ಒಂದೇ ಅಂಕಿಗೆ ಒಪ್ಪಿಸಲು ವಾರಗಟ್ಟಲೆ ಸಭೆ ನಡೆಸುವ ಅಗತ್ಯವಿಲ್ಲ. ಎರಡೂ ನಿಜವಾದ ಅಳತೆಗಳೇ, ಒಂದೇ ಹೆಸರನ್ನು ಹಂಚಿಕೊಂಡದ್ದಷ್ಟೇ ತಪ್ಪು.

ವ್ಯಾಖ್ಯೆಯ ಜಾಗದಲ್ಲಿ, ಡೇಟಾಬೇಸ್‌ನಿಂದ ಆ ಅಂಕಿಯನ್ನು ಲೆಕ್ಕ ಹಾಕಿ ತೆಗೆಯುವ ಕ್ವೆರಿಯನ್ನೇ ಅಂಟಿಸಿ ಕೈ ತೊಳೆದುಕೊಳ್ಳುವ ಅಡ್ಡದಾರಿಯೊಂದಿದೆ. ಅದನ್ನು ಹಿಡಿಯಬೇಡಿ. ಕ್ವೆರಿ ಹೇಳುವುದು ಈಗ ಏನು ನಡೆಯುತ್ತಿದೆ ಎಂಬುದನ್ನು. ಏನು ನಡೆಯಬೇಕಿತ್ತು ಎಂಬುದು ಬೇರೆಡೆ ಬರೆದಿದ್ದರೆ ಮಾತ್ರ ಕ್ವೆರಿಯ ತಪ್ಪನ್ನು ತಪ್ಪು ಎಂದು ಗುರುತಿಸಬಹುದು. ಕ್ವೆರಿ ಇರುವ ಕಡತದ ಹೆಸರನ್ನು ಪಕ್ಕದ ಕಾಲಂನಲ್ಲಿ ಕೊಟ್ಟರೆ ಸಾಕು.

ಹೊಣೆಗಾರರ ಕಾಲಂನಲ್ಲಿ ‘ಐಟಿ ವಿಭಾಗ’ ಎಂದು ಬರೆಯುವುದು ಖಾಲಿ ಬಿಟ್ಟದ್ದಕ್ಕೆ ಸಮ. ಸ್ಥಳೀಯ ಮಾರಾಟ ಸೇರಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆಯೋ ಅವರೇ ಆ ಅಂಕಿಯ ಹೊಣೆಗಾರರು, ಇಲ್ಲಿ ಶೇಖರಣಾ ವಿಭಾಗದ ವ್ಯವಸ್ಥಾಪಕರು. ಕ್ವೆರಿಯನ್ನು ನೋಡಿಕೊಳ್ಳುವ ತಂತ್ರಜ್ಞರ ಹೆಸರಿಗೆ ಇನ್ನೊಂದು ಕಾಲಂ ಇರಲಿ. ಹುದ್ದೆ, ವ್ಯಕ್ತಿಯ ಹೆಸರು ಎರಡನ್ನೂ ಬರೆಯಿರಿ: ವರ್ಗಾವಣೆಯಾದಾಗ ಹುದ್ದೆ ಉಳಿಯುತ್ತದೆ, ಪ್ರಶ್ನೆ ಎದ್ದಾಗ ಫೋನ್ ಮಾಡಲು ಹೆಸರು ಬೇಕು. ಇಬ್ಬರು ಹೊಣೆಗಾರರನ್ನು ಒಪ್ಪಿಕೊಳ್ಳಬೇಡಿ. ಇಬ್ಬರಿದ್ದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರಬೇಕು ಎಂದುಕೊಳ್ಳುತ್ತಾರೆ. ಯಾರೂ ಒಪ್ಪದ ಅಂಕಿಯನ್ನು ಒಂದು ತಿಂಗಳು ವರದಿಯಿಂದ ತೆಗೆದಿಡಿ. ಅದು ಬೇಕಾದವರು ಕೇಳಿಕೊಂಡು ಬರುತ್ತಾರೆ, ಹೊಣೆಗಾರರು ಸಿಕ್ಕಂತೆಯೇ.

ಕೊನೆಯ ಹಂತದಲ್ಲಿ ಡಿಕ್ಷನರಿಯನ್ನು ವರದಿಗೆ ಕಟ್ಟಿಹಾಕಬೇಕು. ಪ್ರತಿ ಅಂಕಿಗೂ ಬದಲಾಗದ ಒಂದು ಗುರುತು ಕೊಟ್ಟು, ಶೀಟನ್ನು `data_dictionary` ಎಂಬ ಟೇಬಲ್ ಆಗಿ, ವರದಿಯಲ್ಲಿ ಬರುವ ಅಂಕಿಗಳ ಗುರುತುಗಳನ್ನು `report_metrics` ಎಂಬ ಟೇಬಲ್ ಆಗಿ ರಾತ್ರಿ ಡೇಟಾಬೇಸ್‌ಗೆ ಏರಿಸಿ, ವರದಿ ಹೊರಡುವ ಮೊದಲು ಈ ತಪಾಸಣೆ ನಡೆಯುವಂತೆ ಮಾಡಿ:

```sql
SELECT r.metric_id
FROM report_metrics r
LEFT JOIN data_dictionary d
  ON d.metric_id = r.metric_id
 AND d.valid_to IS NULL
WHERE TRIM(COALESCE(d.definition, '')) = ''
   OR TRIM(COALESCE(d.owner, '')) = '';
```

ಇದರಿಂದ ಒಂದು ಸಾಲು ಬಂದರೂ ಆ ಅಂಕಿಗೆ ವ್ಯಾಖ್ಯೆಯೋ ಹೊಣೆಗಾರರೋ ಇಲ್ಲವೆಂದು ಅರ್ಥ, ಆ ಅಂಕಿ ವರದಿಯಲ್ಲಿ ಅಚ್ಚಾಗಬಾರದು. ಜಾಗ ತುಂಬಿದೆಯೇ ಎಂಬುದನ್ನಷ್ಟೇ ಈ ತಪಾಸಣೆ ನೋಡುತ್ತದೆ. ತುಂಬಿದ್ದು ಸರಿಯೇ ಎಂಬುದನ್ನು ಇಬ್ಬರನ್ನು ಕೂರಿಸುವ ಪರೀಕ್ಷೆಯಿಂದಲೇ ತಿಳಿಯಬೇಕು.

ಕ್ವೆರಿಯಲ್ಲಿರುವ `valid_to` ಹಳೆಯ ವ್ಯಾಖ್ಯೆಗಳಿಗಾಗಿ ಇದೆ. ವ್ಯಾಖ್ಯೆ ಬದಲಾದಾಗ ಇದ್ದ ಸಾಲನ್ನು ತಿದ್ದಬೇಡಿ. ಅದಕ್ಕೆ ಮುಕ್ತಾಯದ ದಿನಾಂಕ ಹಾಕಿ, ಕೆಳಗೆ ಹೊಸ ಸಾಲು ಬರೆಯಿರಿ. ಏಪ್ರಿಲ್ 1ರಿಂದ ಸ್ಥಳೀಯ ಮಾರಾಟವನ್ನು ಕೈಬಿಡಲಾಯಿತು ಎಂಬ ದಾಖಲೆ ಇಲ್ಲದಿದ್ದರೆ, ಕಳೆದ ವರ್ಷದ ಏಪ್ರಿಲ್‌ಗೆ ಹೋಲಿಸಿದವರು ಶೇಖರಣೆ ಕುಸಿದಿದೆ ಎಂದು ಮೇವು, ಮಳೆಗಳಲ್ಲಿ ಕಾರಣ ಹುಡುಕತೊಡಗುತ್ತಾರೆ. ಬದಲಾವಣೆಯ ನಂತರ ಹನ್ನೆರಡು ತಿಂಗಳವರೆಗೆ ವರದಿಯಲ್ಲಿ ಆ ಅಂಕಿಯ ಕೆಳಗೆ ಒಂದು ಸಾಲಿನ ಟಿಪ್ಪಣಿ ಅಚ್ಚಾಗುತ್ತಿರಲಿ, ಮತ್ತು ಸಾಧ್ಯವಿದ್ದರೆ ಹಿಂದಿನ ವರ್ಷದ ಅಂಕಿಯನ್ನೂ ಹೊಸ ವ್ಯಾಖ್ಯೆಯ ಪ್ರಕಾರ ಮತ್ತೆ ಲೆಕ್ಕ ಹಾಕಿಸಿ ಪಕ್ಕದಲ್ಲಿ ಕೊಡಿ.