ಕಪ್ ಸಿಕ್ಕಿತ್ತು, ಹ್ಯಾಂಡಲ್ ಅರ್ಥ ಆಗೋಕೆ ಎರಡು ವರ್ಷ ಬೇಕಾಯ್ತು

"ಕಪ್ ನೋಡಿದ್ದಾಯ್ತು, ಕಾಫಿ ಯಾವಾಗ ಕುಡಿಸ್ತೀಯೋ?" ಅಂತ ನಮ್ಮ ಭಾವ ಎರಡು ವರ್ಷ ಕಾಲೆಳೆದರು. ತಪ್ಪು ಅವರದ್ದಲ್ಲ. ಅಷ್ಟರಲ್ಲಿ ನಾನು ಕಪ್ ಅಂಡ್ ಹ್ಯಾಂಡಲ್ ಅನ್ನೋ ಚಾರ್ಟ್ ಪ್ಯಾಟರ್ನ್ ನಂಬಿ ಷೇರು ಕೊಂಡು ಹೆಚ್ಚುಕಮ್ಮಿ 40 ಸಾವಿರ ಕಳೆದಿದ್ದೆ. ಬೆಲೆ ಕಪ್ಪಿನ ಹಾಗೆ ದುಂಡಗೆ ಇಳಿದು ಏರುತ್ತೆ, ಆಮೇಲೆ ಬಲಗಡೆ ಸ್ವಲ್ಪ ಜಾರುತ್ತೆ, ಆ ಜಾರುವಿಕೆಯೇ ಹ್ಯಾಂಡಲ್. ಹ್ಯಾಂಡಲ್‌ನ ಮೇಲಂಚು ದಾಟಿ ಬೆಲೆ ಹೋದರೆ ಅದು ಬ್ರೇಕ್‌ಔಟ್.

ಮೊದಲ ಏಟು ಬಿದ್ದಿದ್ದು ಕಪ್ಪಿನ ಆಳದ ವಿಷಯದಲ್ಲಿ. ಒಂದು ಷೇರು 400ರಿಂದ 205ಕ್ಕೆ ಇಳಿದು, ಚೆಂದವಾಗಿ ದುಂಡಗೆ ತಿರುಗಿ, ಮತ್ತೆ 400ರ ಹತ್ತಿರ ಬಂದಿತ್ತು. ಚಾರ್ಟ್ ನೋಡಿದರೆ ಫ್ರೇಮ್ ಹಾಕಿಸಬೇಕು ಅನ್ನೋ ಹಾಗಿತ್ತು. ಕೊಂಡೆ. ನಾಲ್ಕೇ ದಿನಕ್ಕೆ ಸ್ಟಾಪ್‌ಲಾಸ್ ಹೊಡೀತು. ಆಮೇಲೆ ಕೂತು ಯೋಚಿಸಿದೆ. 205ಕ್ಕೆ ಕೊಂಡವನಿಗೆ ದುಡ್ಡು ಸುಮಾರು ಡಬಲ್ ಆಗಿದೆ. 400ಕ್ಕೆ ಸಿಕ್ಕಿಹಾಕಿಕೊಂಡವನಿಗೆ ಅಂತೂ ಇಂತೂ ಅಸಲು ವಾಪಸ್ ಬಂದಿದೆ. ಇಬ್ಬರೂ ಒಂದೇ ಬೆಲೆಯಲ್ಲಿ ಮಾರೋಕೆ ನಿಂತಿರುವಾಗ ನಾನು ಹೋಗಿ ಕೊಂಡಿದ್ದೆ!

ಆಳ 12ರಿಂದ 33 ಪರ್ಸೆಂಟ್ ಒಳಗಿರಲಿ ಅಂತ ಈ ಪ್ಯಾಟರ್ನನ್ನು ಜನಪ್ರಿಯ ಮಾಡಿದ ಅಮೆರಿಕದ ವಿಲಿಯಂ ಒನೀಲ್ ಹೇಳಿದ್ದಾರೆ. ನಾನು ಈಗ 30 ದಾಟಿದರೆ ಮುಟ್ಟಲ್ಲ. ಮಾರ್ಕೆಟ್ಟೇ ಕುಸಿದಿದ್ದರೆ ಮಾತ್ರ ಸ್ವಲ್ಪ ಸಡಿಲ. 2020ರ ಜನವರಿಯ ಶಿಖರದಿಂದ ಮಾರ್ಚ್ ಹೊತ್ತಿಗೆ ನಿಫ್ಟಿಯೇ ಸುಮಾರು 38 ಪರ್ಸೆಂಟ್ ಬಿದ್ದಾಗ 45 ಬಿದ್ದ ಷೇರು ದುರ್ಬಲ ಅಂತ ಹೇಳೋಕಾಗಲ್ಲ, ಅಲ್ವಾ?

ಎರಡನೇ ಏಟು ಸ್ವಲ್ಪ ನಾಚಿಕೆಯದು. ಹ್ಯಾಂಡಲ್‌ನಲ್ಲಿ ಒಂದು ದಿನ ವಾಲ್ಯೂಮ್, ಅಂದ್ರೆ ಕೈಬದಲಾದ ಷೇರುಗಳ ಲೆಕ್ಕ, ಪಾತಾಳಕ್ಕೆ ಇಳಿದಿದ್ದು ನೋಡಿ, ಮಾರುವವರು ಮುಗಿದರು ಅಂತ ಖುಷಿಯಾಗಿ ಜಾಸ್ತಿಯೇ ಕೊಂಡೆ. ಅದು ದೀಪಾವಳಿಯ ಮುಹೂರ್ತ ಟ್ರೇಡಿಂಗ್ ದಿನ. ಮಾರ್ಕೆಟ್ ತೆರೆದಿದ್ದೇ ಒಂದು ಗಂಟೆ! ಆ ದಿನದ ವಾಲ್ಯೂಮ್ ಬಾರ್ ಚಿಕ್ಕದಾಗಿರದೆ ಇನ್ನೇನಾಗುತ್ತೆ. ಮರುವಾರ ಮಾರಾಟ ಶುರುವಾಗಿ ಒಂಬತ್ತು ಸಾವಿರ ಹೋಯ್ತು. ಈಗ ಇಂಥ ವಿಶೇಷ ಸೆಷನ್‌ಗಳನ್ನು ಎಣಿಕೆಯಿಂದಲೇ ತೆಗೆದುಬಿಡುತ್ತೇನೆ. ಒಂದೇ ಒಂದು ಚಿಕ್ಕ ಬಾರ್ ನೋಡಿ ನಂಬಲ್ಲ.

ಕೊನೆಗೆ ಕೈ ಹಿಡಿದಿದ್ದು ಪಂಪ್ ತಯಾರಿಸುವ ಒಂದು ಮಿಡ್‌ಕ್ಯಾಪ್ ಕಂಪನಿ. ನೆನಪಿನಿಂದ ಹೇಳ್ತಾ ಇದ್ದೇನೆ, ಒಂದೆರಡು ರೂಪಾಯಿ ಆಚೀಚೆ ಇರಬಹುದು. ಎಡ ಅಂಚು 640, ತಳ 470, ಅಂದ್ರೆ ಆಳ 26-27 ಪರ್ಸೆಂಟ್. ನಾಲ್ಕೂವರೆ ತಿಂಗಳಿಗೆ ಬಲಗಡೆ 632 ಮುಟ್ಟಿ ಹ್ಯಾಂಡಲ್ ಶುರುವಾಯ್ತು. ಹನ್ನೊಂದು ದಿನ ನಿಧಾನಕ್ಕೆ ಜಾರಿ 582ಕ್ಕೆ ಬಂತು, 8 ಪರ್ಸೆಂಟ್ ಇಳಿಕೆ. ಕಪ್ಪಿನ ಮಧ್ಯ 555. ಹ್ಯಾಂಡಲ್ ಪೂರ್ತಿ ಅದರ ಮೇಲೇ ಇತ್ತು.

50 ದಿನದ ಸರಾಸರಿ ವಾಲ್ಯೂಮ್ ನಾಲ್ಕು ಲಕ್ಷ ಷೇರು. ಹ್ಯಾಂಡಲ್‌ನ ಮೊದಲ ದಿನಗಳಲ್ಲಿ ಮೂರರ ಆಸುಪಾಸು, ಆಮೇಲೆ ಎರಡು, ಕೊನೆಯ ಮೂರು ದಿನ ಒಂದೂವರೆ ಲಕ್ಷವೂ ಇಲ್ಲ. ನಾನು ಮುಖ್ಯವಾಗಿ ನೋಡಿದ್ದು ಕೆಂಪು ಕ್ಯಾಂಡಲ್‌ಗಳನ್ನು. ಬೆಲೆ ಇಳಿದ ದಿನವೇ ವಾಲ್ಯೂಮ್ ಕಡಿಮೆ ಇತ್ತು, ಅಂದ್ರೆ ಅಸಲು ಬಂತು ಅಂತ ಓಡಿಹೋಗುವವರು ಆಗಲೇ ಹೋಗಿಯಾಗಿತ್ತು. ಕ್ಯಾಂಡಲ್‌ಗಳೂ ಗಿಡ್ಡವಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದು ದಿನ ಐದು ಲಕ್ಷ ವಾಲ್ಯೂಮ್‌ನಲ್ಲಿ ಬಿದ್ದಿದ್ದರೂ ನಾನು ಪಟ್ಟಿಯಿಂದ ಕಿತ್ತುಹಾಕುತ್ತಿದ್ದೆ. ಇಳಿಯುವ ಬದಲು ಮೇಲ್ಮುಖವಾಗಿ ತೆವಳುವ ಹ್ಯಾಂಡಲ್ ಕಂಡರೂ ಅಷ್ಟೇ. ಅದರಲ್ಲಿ ಹೆದರಿದವರು ಇನ್ನೂ ಹೊರಗೆ ಹೋಗಿರುವುದೇ ಇಲ್ಲ.

633 ದಾಟಿದ ದಿನ ವಾಲ್ಯೂಮ್ 11 ಲಕ್ಷ. 636ಕ್ಕೆ 150 ಷೇರು ಕೊಂಡೆ, ಸ್ಟಾಪ್ 591. ಬ್ರೇಕ್‌ಔಟ್ ನಿಜವೋ ಸುಳ್ಳೋ ಅಂತ ದಿನದ ಯಾವ ಹೊತ್ತಿನ ವಾಲ್ಯೂಮ್ ನೋಡಿ ತೀರ್ಮಾನ ಮಾಡ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ಫೀಸು ಕಟ್ಟಿ ಕಲಿತಿದ್ದೇನೆ. ಅರ್ಧ 763ಕ್ಕೆ ಮಾರಿದೆ, ಉಳಿದಿದ್ದು 812ಕ್ಕೆ. ಲಾಭ 22 ಸಾವಿರ ಚಿಲ್ಲರೆ. ಅಲ್ಪಾವಧಿ ಲಾಭದ 20 ಪರ್ಸೆಂಟ್ ತೆರಿಗೆ, ಷೇರು ವಹಿವಾಟಿನ ಮೇಲಿನ ಎಸ್‌ಟಿಟಿ ತೆರಿಗೆ ಎಲ್ಲ ಕಳೆದು 17 ಸಾವಿರದ ಮೇಲೆ ಉಳೀತು. ಭಾವನಿಗೆ ಕಾಫಿ ಜೊತೆ ಮಸಾಲೆ ದೋಸೆನೂ ಕೊಡಿಸಿದೆ.

ನಡುವೆ ಡೆಲಿವರಿ ಪರ್ಸೆಂಟೇಜನ್ನೂ, ಅಂದ್ರೆ ಅದೇ ದಿನ ಮಾರದೆ ಇಟ್ಟುಕೊಂಡ ಷೇರುಗಳ ಪಾಲನ್ನೂ, ಸೇರಿಸಿ ನೋಡಿದೆ. ಹ್ಯಾಂಡಲ್‌ನಲ್ಲಿ ಅದು ಏರಿದರೆ ಒಳ್ಳೆಯದು ಅಂತ ಅಂದುಕೊಂಡಿದ್ದೆ. ಇಪ್ಪತ್ತು ಚಾರ್ಟ್ ತೆಗೆದು ನೋಡಿದರೂ ತಲೆಬುಡ ಗೊತ್ತಾಗಲಿಲ್ಲ, ಬಿಟ್ಟೆ. ಬ್ರೇಕ್‌ಔಟ್‌ಗೆ ಕಾಯದೆ ಹ್ಯಾಂಡಲ್ ಒಳಗೇ ಕೊಳ್ಳುವುದನ್ನೂ ಒಂಬತ್ತು ಸಲ ಪ್ರಯತ್ನಿಸಿದೆ. ಐದು ಸಲ ಷೇರು ಮೇಲೆ ಹೋಗಲೇ ಇಲ್ಲ. ಸ್ಟಾಪ್ ಹತ್ತಿರ ಇಟ್ಟಿದ್ದಕ್ಕೆ ಗೆದ್ದ ನಾಲ್ಕರಿಂದ ಲೆಕ್ಕ ಸರಿಹೋಯ್ತು ಅಷ್ಟೇ.

ಪಂಪ್ ಕಂಪನಿ ಆದಮೇಲೆ ಬಂದ ಕಪ್ಪೂ ಹೀಗೇ ಇತ್ತು, ಆಳ 24, ವಾಲ್ಯೂಮ್ ಇದಕ್ಕಿಂತ ಚೆನ್ನಾಗಿ ಒಣಗಿತ್ತು. ಬ್ರೇಕ್‌ಔಟ್ ದಿನ ವಾಲ್ಯೂಮ್ ಮಾತ್ರ ಸರಾಸರಿಯಷ್ಟೇ ಇತ್ತು. ಗೊತ್ತಿದ್ದೂ ಕೊಂಡೆ. ಆರು ಸಾವಿರ ಹೋಯ್ತು. ಇದನ್ನು ಭಾವನಿಗೆ ಇನ್ನೂ ಹೇಳಿಲ್ಲ.