ಹೆಣ್ಣು ನೋಡುವ ದಿನಕ್ಕೆ ಹತ್ತಿ ಸೀರೆ: ನನ್ನ ಅನುಭವ

ಹೆಣ್ಣು ನೋಡುವ ದಿನದ ಉಡುಗೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ನನ್ನ ಹತ್ತಿರ ಒಂದೇ ಅಳತೆ ಇದೆ. ಬಂದವರು ಕೂತು ಏಳುವುದರೊಳಗೆ ಹುಡುಗಿ ಎಷ್ಟು ಸಲ ಸೆರಗು ಮುಟ್ಟಿಕೊಂಡಳು, ಎಷ್ಟು ಸಲ ನೆರಿಗೆ ಎತ್ತಿ ಹಿಡಿದಳು, ಅಷ್ಟೇ. ಹತ್ತು ಹನ್ನೆರಡು ಸಲ ಮುಟ್ಟಿಕೊಂಡರೆ ಸೀರೆ ಎಷ್ಟು ಸಾವಿರದ್ದಾದರೂ ನನ್ನ ಲೆಕ್ಕದಲ್ಲಿ ಸೋತಂತೆ. ಜಾತಕ ಕೂಡದೆ ಸಂಬಂಧ ಬಿಟ್ಟುಹೋದರೆ ಅದಕ್ಕೆ ದರ್ಜಿ ಎಂತ ಮಾಡುವುದು?

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ರವಿಕೆ ಹೊಲಿಯುವುದು, ಫಾಲ್ ಹಾಕುವುದು, ಮದುವೆಗೆ ಸೀರೆ ಉಡಿಸುವುದು ನನ್ನ ಕೆಲಸ. ಹುಡುಗಿ ನೋಡುವ ದಿನಕ್ಕೆ ನಮ್ಮ ಮಗ್ಗದ ಹತ್ತಿಯ ಕಾಸರಗೋಡು ಸೀರೆ ಸಾಕು, ರೇಷ್ಮೆ ಬೇಡ ಎಂದು ನಾನು ಹೇಳತೊಡಗಿದಾಗ ನಕ್ಕವರೇ ಜಾಸ್ತಿ. "ಹತ್ತಿ ಸೀರೆ ಉಡಿಸಿ ಕೂರಿಸಿದರೆ ಶಾಲೆಯ ಟೀಚರನ್ನು ನೋಡಲು ಬಂದ ಹಾಗೆ ಆಗುತ್ತದೆ, ಅಲ್ವಾ?" ಎಂದು ನನ್ನ ದೊಡ್ಡಮ್ಮನೇ ಹೇಳಿದ್ದರು. ಅವರ ಮೊಮ್ಮಗಳಿಗೆ ಕಳೆದ ಸೋಣ ತಿಂಗಳಲ್ಲಿ ಉಡಿಸಿದ್ದೂ ಅದೇ ಹತ್ತಿ ಸೀರೆ. ಅವಳು ಸೆರಗು ಮುಟ್ಟಿಕೊಂಡದ್ದು ಎರಡೇ ಸಲ. ಒಂದು ಸಲ ನೊಣ ಓಡಿಸಲು.

ರೇಷ್ಮೆ ಯಾಕೆ ಕೈ ಕೊಡುತ್ತದೆ ಎಂದು ಸೀರೆ ಉಡಿಸುವವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಆಟಿ ತಿಂಗಳು ಮುಗಿದು ಸೋಣ ಬಂದ ಕೂಡಲೇ ನೋಡುವ ಕಾರ್ಯಕ್ರಮಗಳು ಶುರುವಾಗುತ್ತವೆ. ಮಳೆ ಬಿಟ್ಟಿರುವುದಿಲ್ಲ, ಮಳೆ ನಿಂತ ಹೊತ್ತಿಗೆ ಸೆಕೆ, ಕರೆಂಟು ನೆಂಟರು ಬಂದಾಗಲೇ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅಡುಗೆಮನೆಯಿಂದ ಎರಡೂ ಕೈಯಲ್ಲಿ ಟ್ರೇ ಹಿಡಿದು ಹೊಸಿಲು ದಾಟಿ ಚಾವಡಿಗೆ ಬರಬೇಕು, ಬಗ್ಗಬೇಕು, ಹಿರಿಯರ ಕಾಲಿಗೆ ಬೀಳಬೇಕು, ಏಳಬೇಕು. ಹೊಸ ರೇಷ್ಮೆ ಭುಜದಿಂದ ಜಾರುತ್ತದೆ. ಜರಿ ಸೊಂಟಕ್ಕೆ ಚುಚ್ಚುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೀರೆ ಎರವಲಿನದ್ದಾದರೆ. ಸೀರೆಯ ಯಜಮಾನಿ ಅತ್ತೆಯೋ ಚಿಕ್ಕಮ್ಮನೋ ಬಾಗಿಲ ಸಂದಿನಲ್ಲಿ ನಿಂತು ಕಾಫಿ ಚೆಲ್ಲುತ್ತದೋ ಎಂದೇ ನೋಡುತ್ತಿರುತ್ತಾರೆ. ಹುಡುಗಿಯ ಗಮನವೂ ಹುಡುಗನ ಮೇಲಿರುವುದಿಲ್ಲ, ಕಾಫಿ ಲೋಟದ ಮೇಲಿರುತ್ತದೆ.

ಈ ಸಲ ದೊಡ್ಡಮ್ಮನ ಮೊಮ್ಮಗಳಿಗೆ ನೇಕಾರರ ಸೊಸೈಟಿಯಿಂದ ತಂದ ಕಾಸರಗೋಡು ಸೀರೆ. 2,000 ರೂಪಾಯಿಯ ಆಸುಪಾಸು ಆಗಿರಬೇಕು. ತೆಳು ಹಸಿರು, ಸಣ್ಣ ಚೌಕಳಿ, ಮೂರು ಬೆರಳು ಅಗಲದ ಕೆಂಗಂದು ಅಂಚು. ಚೌಕಳಿಯನ್ನು ಬೇಕೆಂದೇ ಆರಿಸಿದ್ದು. ಒಂದೇ ಬಣ್ಣದ ಬಟ್ಟೆಯಲ್ಲಿ ಒಂದು ಹನಿ ಕಾಫಿ ಬಿದ್ದರೂ ಕಾಣುತ್ತದೆ, ಚೌಕಳಿಯಲ್ಲಿ ಕಾಣುವುದಿಲ್ಲ. ಕಡು ನೀಲಿ ಮತ್ತು ಬಾಟಲಿ ಹಸಿರು ಬೇಡವೇ ಬೇಡ. ನಮ್ಮ ಹಂಚಿನ ಮನೆಗಳ ಚಾವಡಿಯಲ್ಲಿ ಮಳೆಗಾಲದ ಬೆಳಕಿಗೆ ಅವು ಕಪ್ಪಾಗಿಯೇ ಕಾಣುತ್ತವೆ. ಶುಭಕಾರ್ಯಕ್ಕೆ ಕಪ್ಪು ಉಟ್ಟಿದ್ದಾಳೆ ಎಂದು ಯಾರಾದರೊಬ್ಬ ಅಜ್ಜಿ ಹೇಳದೆ ಬಿಡುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ತಂದವರಿಗೆ ಇದು ಮನೆಗೆ ಬಂದ ಮೇಲೆಯೇ ಗೊತ್ತಾಗುವುದು.

ಸೀರೆ ತಂದ ದಿನವೇ ಫಾಲ್ ಹಾಕಬೇಡಿ. ಮಗ್ಗದ ಹತ್ತಿ ಒಗೆದಾಗ ಸ್ವಲ್ಪ ಕುಗ್ಗುತ್ತದೆ. ಮೊದಲು ಫಾಲ್ ಹಾಕಿ ಆಮೇಲೆ ಒಗೆದರೆ ಅಂಚು ಮುದುಡಿಕೊಳ್ಳುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ನೆಟ್ಟಗಾಗುವುದಿಲ್ಲ. ನಾನು ಸೀರೆಯನ್ನೂ ಫಾಲ್ ಬಟ್ಟೆಯನ್ನೂ ಬೇರೆ ಬೇರೆ ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಆಮೇಲೆ ಹೊಲಿಯುತ್ತೇನೆ. ಎರಡು ಸಲ ನೀರು ಕಂಡ ಮೇಲೆ ಮಗ್ಗದ ಬಿರುಸು ಹೋಗಿ ಬಟ್ಟೆ ಮೈಗೆ ಕೂರುತ್ತದೆ. ಹತ್ತಿ ಸೀರೆ ಉಟ್ಟರೆ ದಪ್ಪ ಕಾಣುತ್ತೇನೆ ಎನ್ನುವ ಹುಡುಗಿಯರೆಲ್ಲ ಒಗೆಯದ ಸೀರೆ ಉಟ್ಟು ನೋಡಿದವರು.

ಆಮೇಲೆ ಗಂಜಿ. ಮೊದಮೊದಲು ಮನೆಯಲ್ಲಿದ್ದ ಕುಚ್ಚಿಲು ಗಂಜಿಯ ತಿಳಿಯನ್ನೇ ಹಾಕುತ್ತಿದ್ದೆ. ತಿಳಿ ಬಣ್ಣದ ಸೀರೆಗೆ ಮಾಸಲು ಛಾಯೆ ಬಂತು. ಬೆಳ್ತಿಗೆ ಅಕ್ಕಿಯ ತಿಳಿಯೇ ಬೇಕು, ಅದನ್ನೂ ಹಳೆಯ ಮುಂಡಿನ ಬಟ್ಟೆಯಲ್ಲಿ ಸೋಸಬೇಕು. ಒಂದು ಲೋಟ ತಿಳಿಗೆ ಎಂಟು ಹತ್ತು ಲೋಟ ನೀರು ಸಾಕು. ಗಟ್ಟಿ ಗಂಜಿ ಹಾಕಿದರೆ ಸೀರೆ ಕೂತಾಗ ಮುರಿಯುತ್ತದೆ, ಎದ್ದಾಗ ಹಿಂದೆ ಬೆಟ್ಟದ ಹಾಗೆ ಎದ್ದು ನಿಲ್ಲುತ್ತದೆ. ಗಂಜಿಗೆ ನಾನು ಇನ್ನೊಂದು ಸಾಮಾನು ಚಿಟಿಕೆಯಷ್ಟು ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದು.

ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಗೋಳು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಒಮ್ಮೆ ಹಾಕಿ ನೋಡಿದೆ. ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗಿತು. ವಾಸನೆ ಮಾತ್ರ ಚಾಲಿ ಅಡಿಕೆಯದ್ದೇ! ಭಾವ ನಕ್ಕು, "ರೇಟು ಬಂದಾಗ ಮಾರುವುದಾ?" ಎಂದರು. ಈಗ ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕುತ್ತೇನೆ. ಪೂರ್ತಿ ಒಣಗುವ ಮೊದಲೇ ತೆಗೆದು ಹಿಂಬದಿಯಿಂದ ಇಸ್ತ್ರಿ ಹಾಕುತ್ತೇನೆ.

ಉಡಿಸುವಾಗ ಬರಿಗಾಲಿನಲ್ಲಿ ನಿಲ್ಲಿಸಿ ಉದ್ದ ನೋಡಬೇಕು. ಕಾಲೇಜಿಗೆ, ಮದುವೆಗೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ ಸೀರೆ ಉಟ್ಟು ಅಭ್ಯಾಸ ಆದವರು ಅದೇ ಉದ್ದ ಬಿಡುತ್ತಾರೆ. ಮನೆಯೊಳಗೆ ಚಪ್ಪಲಿ ಎಲ್ಲಿದೆ? ನಮಸ್ಕಾರ ಮಾಡಿ ಏಳುವಾಗ ಅಂಚಿನ ಮೇಲೆ ಕಾಲಿಡುತ್ತಾರೆ, ನೆರಿಗೆ ಪೂರ್ತಿ ಕೈಗೆ ಬರುತ್ತದೆ. ನೆಲದಿಂದ ಅರ್ಧ ಇಂಚು ಮೇಲಿರಲಿ. ಒಳಲಂಗ ಹತ್ತಿಯದ್ದೇ ಆಗಬೇಕು, ಸ್ಯಾಟಿನ್ ಹಾಕಿದರೆ ಪಿನ್ನು ಇದ್ದರೂ ನೆರಿಗೆ ಕೆಳಗೆ ಎಳೆಯುತ್ತದೆ. ಹತ್ತಿಗೆ ಐದಾರು ನೆರಿಗೆ ಸಾಕು. ಸೆರಗನ್ನು ಮಡಿಕೆ ಮಾಡಿ ಭುಜಕ್ಕೆ ಪಿನ್ನು ಹಾಕಿ, ಹಾರಾಡುವ ಸೆರಗು ಟ್ರೇ ಹಿಡಿಯುವವಳಿಗೆ ಹೇಳಿದ್ದಲ್ಲ. ರವಿಕೆಯ ತೋಳು ಮೊಣಕೈಗಿಂತ ಸ್ವಲ್ಪ ಮೇಲೆ. ಕಂಕುಳಿಗೆ ಹಳೆಯ ಮುಂಡಿನ ಬಟ್ಟೆಯನ್ನು ಎರಡು ಮೂರು ಪದರ ಮಾಡಿ ಒಳಗಿನಿಂದ ದೊಡ್ಡ ಹೊಲಿಗೆಯಲ್ಲಿ ತಾಗಿಸುತ್ತೇನೆ, ಆಮೇಲೆ ಬಿಚ್ಚಿ ಒಗೆಯಬಹುದು. ಲೈನಿಂಗ್ ಹಾಕಿದ ರವಿಕೆಗೆ ಮಜೂರಿ 500 ತೆಗೆದುಕೊಳ್ಳುತ್ತೇನೆ, ಈ ಪದರಕ್ಕೆ ಬೇರೆ ದುಡ್ಡಿಲ್ಲ.

ಹಿಂದಿನ ದಿನ ಒಂದು ತಾಲೀಮು. ಟ್ರೇಯಲ್ಲಿ ನಾಲ್ಕು ಲೋಟ ನೀರಿಟ್ಟು ಅಡುಗೆಮನೆಯಿಂದ ಚಾವಡಿಗೆ ಬರಬೇಕು. ಬಗ್ಗಿ ಇಡುವುದು, ಕುರ್ಚಿಯಲ್ಲಿ ಕೂರುವುದು, ಅಮ್ಮನಿಗೆ ನಮಸ್ಕಾರ ಮಾಡುವುದು. ನಾನು ಬದಿಯಲ್ಲಿ ಕೂತು ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತೇನೆ. ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಏನೋ ಸರಿ ಇಲ್ಲ ಎಂದರ್ಥ. ದೊಡ್ಡಮ್ಮನ ಮೊಮ್ಮಗಳ ಕೈ ಮತ್ತೆ ಮತ್ತೆ ಬೆನ್ನಿಗೆ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ರವಿಕೆಯ ಹಿಂದಿನ ಕುತ್ತಿಗೆ ಆಳ ಜಾಸ್ತಿಯಾಗಿ ಭುಜ ಜಾರುತ್ತಿತ್ತು. ಒಳಗಿನಿಂದ ಒಂದು ಸಣ್ಣ ಪಟ್ಟಿ ಕೊಟ್ಟೆ, ಕೈ ಕೆಳಗೆ ಬಂತು. ಹೊಲಿದು ರೆಡಿ ಮಾಡಿದ ಸೀರೆಯನ್ನೂ ಹಿಂದೊಮ್ಮೆ ಪ್ರಯತ್ನಿಸಿದ್ದೇನೆ, ಪ್ಯಾಂಟಿನಂತೆ ಹಾಕಿ ಜಿಪ್ ಎಳೆಯುವುದು. ಮುಟ್ಟುವ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ. ಹುಡುಗನ ಅಜ್ಜಿ ಪ್ರೀತಿಯಿಂದ ಸೊಂಟ ತಡವಿದಾಗ ಜಿಪ್ ಸಿಕ್ಕಿತು! ಆ ಸೀರೆ ಕತ್ತರಿಸಿದ್ದಕ್ಕೆ ಸಾವಿರ ಚಿಲ್ಲರೆ ನನ್ನ ಕೈಯಿಂದ ಹೋಯಿತು.

ನೆಂಟರನ್ನು ಹದಕ್ಕೆ ತರುವುದು ಸೀರೆಗಿಂತ ಕಷ್ಟ. ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಮಾಡಿದ್ದೇನೆ. ಹುಡುಗಿಯ ಅಂಚು ಮೂರು ಬೆರಳಾದರೆ ಉಳಿದ ಹೆಂಗಸರದ್ದು ಎರಡು ಬೆರಳು ದಾಟಬಾರದು. ಒಂದು ಮನೆಯಲ್ಲಿ ಹೊಸದಾಗಿ ಮದುವೆಯಾದ ಅತ್ತಿಗೆ ಮದುವೆಯ ಸೀರೆಯನ್ನೇ ಉಟ್ಟು ಬಂದಿದ್ದಳು. ಹುಡುಗನ ಕಡೆಯ ಹಿರಿಯರೊಬ್ಬರು ನೇರ ಅವಳ ಹತ್ತಿರ, "ನೀನು ಎಷ್ಟು ಕಲಿತಿದ್ದೀ ಮಗಳೇ?" ಎಂದು ಕೇಳಿದರು. ಅಮ್ಮಂದಿರಿಗೆ ಒಮ್ಮೆ ಒಗೆದ ಒಳ್ಳೆಯ ಸೀರೆ ಸಾಕು. ಹುಡುಗಿಗೆ ಜುಮುಕಿ, ತೆಳು ಸರ, ಕೈಗೆ ಒಂದೊಂದು ಬಳೆ. ಇದ್ದ ಚಿನ್ನವನ್ನೆಲ್ಲ ಅಂದೇ ತೋರಿಸಿದರೆ ಮಾತು ಚಿನ್ನದ ಕಡೆಗೇ ಹೋಗುತ್ತದೆ. ಮಲ್ಲಿಗೆ ಒಂದು ಚೆಂಡು ತಂದರೆ ಮನೆಯ ಎಲ್ಲರಿಗೂ ಹಂಚಬಹುದು. ನೆಂಟರ ಕಾರು ಗೇಟಿಗೆ ಬಂದ ಮೇಲೆ ಬಾಳೆಲೆಯಿಂದ ಬಿಡಿಸಿ ಮುಡಿಸಿ, ಬೆಳಿಗ್ಗೆಯೇ ಮುಡಿಸಿದರೆ ಸೆಕೆಗೆ ಬಾಡುತ್ತದೆ.

ಗಂಡಿನ ಕಡೆಯ ಕೆಲಸ ನನಗೆ ಕಡಿಮೆ. ಅಕ್ಕನ ಮಗ ವಿಟ್ಲದ ಕಡೆ ಹುಡುಗಿ ನೋಡಲು ಹೊರಟಾಗ ಅವನಿಗೂ ನಾನೇ ಹೇಳಿದ್ದು. ಮುಂಡು ಉಡುತ್ತೇನೆ ಎಂದು ಹಟ ಹಿಡಿದಿದ್ದ. ಮಳೆಗಾಲದ ಅಂಗಳದಲ್ಲಿ ಕೆಂಪು ಮಣ್ಣು ಬಿಳಿ ಮುಂಡಿನ ಹಿಂದೆ ಮೊಣಕಾಲಿನವರೆಗೆ ಸಿಡಿಯುತ್ತದೆ, ಹುಡುಗಿಯ ಮನೆಯವರಿಗೆ ಅದು ಎದ್ದು ಕಾಣುತ್ತದೆ. ಮುಂಡಿಗೆ ವೆಲ್ಕ್ರೋ ಹೊಲಿದೂ ನೋಡಿದೆ. ಕೂತು ಎದ್ದಾಗ ಚರ್ ಎಂಬ ಶಬ್ದ ಬಂತು, ಬಿಟ್ಟೆ. ಕೊನೆಗೆ ಬೂದು ಬಣ್ಣದ ಪ್ಯಾಂಟು, ಎಂದಿನದಕ್ಕಿಂತ ಅರ್ಧ ಇಂಚು ಗಿಡ್ಡ. ಜಗಲಿಯಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗ ತುದಿ ಒದ್ದೆಯಾಗುವುದಿಲ್ಲ. ಕಾಲುಚೀಲ ಬೇಡ, ಹೇಗೂ ತೆಗೆಯುವುದೇ. ಶರ್ಟು ಹೊಸದಾದರೂ ಒಮ್ಮೆ ಒಗೆದಿರಲಿ, ಇಲ್ಲವಾದರೆ ಪೆಟ್ಟಿಗೆಯ ಮಡಿಕೆ ಎದೆಯ ಮೇಲೆ ನಿಂತಿರುತ್ತದೆ. ಎದೆಯ ಜೇಬಿನಲ್ಲಿ ಮೊಬೈಲು ಇಡಬೇಡ ಎಂದು ಎರಡು ಸಲ ಹೇಳಿದ್ದೆ. ಇಟ್ಟಿದ್ದ. ನಮಸ್ಕಾರ ಮಾಡುವಾಗ ಅಜ್ಜನ ಪಾದದ ಮೇಲೆಯೇ ಬಿತ್ತಂತೆ.

ದೊಡ್ಡಮ್ಮನ ಮೊಮ್ಮಗಳಿಗೆ ಒಟ್ಟು ಖರ್ಚು ಸೀರೆ, ರವಿಕೆ, ಫಾಲ್, ಹೂವು ಸೇರಿ 3,000ದ ಒಳಗೆ ಮುಗಿಯಿತು. ರೇಷ್ಮೆ ತೆಗೆದಿದ್ದರೆ ಸೀರೆಗೇ ಅದರ ಎರಡು ಮೂರು ಪಾಲು ಬೇಕಿತ್ತು. ಹುಡುಗನ ತಾಯಿ ಹೊರಡುವಾಗ ಸೀರೆ ಎಲ್ಲಿಯದು ಎಂದು ಕೇಳಿದರು. ದೊಡ್ಡಮ್ಮ ಮುಂದೆ ಬಂದು, ತಾನೇ ಆರಿಸಿದ್ದು ಎಂದರು. ಇರಲಿ.

ಒಂದು ಮಾತು ಬಿಟ್ಟಿತ್ತು. ಗಂಜಿ ಹಾಕಿದ ಸೀರೆಯನ್ನು ಅಂದೇ ಮಡಚಿ ಕಪಾಟಿನಲ್ಲಿ ಇಡಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಳೆಯೂ ಬರುತ್ತದೆ. ಮರುದಿನವೇ ಬರಿ ನೀರಿನಲ್ಲಿ ಗಂಜಿ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಹಾಕದೆ ಇಡಿ. ಇನ್ನೊಂದು ಮನೆಯವರು ನೋಡಲು ಬರುವುದಿದ್ದರೆ ಮತ್ತೆ ಗಂಜಿ ಹಾಕಿದರಾಯಿತು.