ಒಂದು ಗಂಟೆ ವೀಡಿಯೊಗೆ ಎಷ್ಟು ಡೇಟಾ? ನಾನು ಅಳೆದು ಪ್ಯಾಕ್ ಆರಿಸಿದ್ದು

ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಇರುವಾಗಲೇ ನನ್ನ ಡೇಟಾ ಖಾಲಿಯಾಗಿತ್ತು. 480pಯಲ್ಲೇ ನೋಡುತ್ತಿದ್ದೇನೆ ಅಂದುಕೊಂಡಿದ್ದೆ, ಆ ಲೆಕ್ಕಕ್ಕೆ ಪ್ಯಾಕ್ ಸಾಕಾಗಬೇಕಿತ್ತು. ಆಮೇಲೆ ಸೆಟ್ಟಿಂಗ್ ತೆರೆದು ನೋಡಿದರೆ ಗುಣಮಟ್ಟ 'ಆಟೋ'ದಲ್ಲಿತ್ತು. ಸಿಗ್ನಲ್ ಚೆನ್ನಾಗಿದ್ದಾಗೆಲ್ಲ ಆ್ಯಪ್ ತಾನಾಗಿಯೇ 1080pಗೆ ಏರುತ್ತಿತ್ತು. ಅವತ್ತೇ ಊಹೆ ಬಿಟ್ಟು ಅಳೆಯಲು ಕೂತೆ.

ಅಳೆಯುವುದು ಸುಲಭ. ಫೋನಿನ ಸೆಟ್ಟಿಂಗ್‌ನಲ್ಲಿ ಯಾವ ಆ್ಯಪ್ ಎಷ್ಟು ಡೇಟಾ ತಿಂದಿದೆ ಅಂತ ತೋರಿಸುವ ಪುಟ ಇರುತ್ತದೆ. ವೀಡಿಯೊ ಹಾಕುವ ಮೊದಲು ಅಲ್ಲಿನ ಅಂಕಿ ಬರೆದಿಟ್ಟುಕೊಂಡೆ. ಗುಣಮಟ್ಟವನ್ನು ಕೈಯಾರೆ 480pಗೆ ಹಾಕಿ ಅರ್ಧ ಗಂಟೆ ನೋಡಿದೆ. ಮತ್ತೆ ಅಂಕಿ ನೋಡಿ, ಮೊದಲಿನದನ್ನು ಕಳೆದು, ಎರಡರಿಂದ ಗುಣಿಸಿದೆ.

ಮೊದಲ ಸಲ ಐದೇ ನಿಮಿಷ ಅಳೆದು ಮೋಸಹೋಗಿದ್ದೆ. ಲೆಕ್ಕ ಹಾಕಿದರೆ ಗಂಟೆಗೆ ಬರುವುದಕ್ಕಿಂತ ತುಂಬಾ ಜಾಸ್ತಿ ಬಂತು. ಕಾರಣ ಇಷ್ಟೇ: ಪ್ಲೇಯರ್ ನಾವು ನೋಡುತ್ತಿರುವ ಜಾಗಕ್ಕಿಂತ ಮುಂದಿನ ಭಾಗವನ್ನೂ ಮೊದಲೇ ಇಳಿಸಿಕೊಂಡಿರುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿದರೆ ಆರೇಳು ನಿಮಿಷದ ಡೇಟಾ ಲೆಕ್ಕಕ್ಕೆ ಬಂದಿರಬಹುದು. ಅರ್ಧ ಗಂಟೆಯಲ್ಲಿ ಈ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಇನ್ನೊಂದು, ಈಗಾಗಲೇ ನೋಡಿದ ವೀಡಿಯೊವನ್ನೇ ಮತ್ತೆ ಹಾಕಿ ಅಳೆಯಬೇಡಿ. ಅದರ ಸ್ವಲ್ಪ ಭಾಗ ಫೋನಿನಲ್ಲೇ ಉಳಿದಿದ್ದರೆ ಅಂಕಿ ಕಡಿಮೆ ಬರುತ್ತದೆ.

ನಾಲ್ಕು ಸಂಜೆ ಹೀಗೆ ಅಳೆದಾಗ ನನಗೆ ಗಂಟೆಗೆ ಸಿಕ್ಕಿದ್ದು: 360pಗೆ ಸುಮಾರು 0.3 ಜಿಬಿ, 480pಗೆ 0.5, 720pಗೆ 1.1, 1080pಗೆ 2 ಜಿಬಿ. ಇವು ನನ್ನ ಫೋನಿನ, ನಾನು ನೋಡುವ ವೀಡಿಯೊಗಳ ಅಂಕಿಗಳು. ನಿಮಗೆ ಬೇರೆಯೇ ಬರಬಹುದು. ಪ್ಲೇಯರ್ ಬಿಟ್‌ರೇಟ್ ತೋರಿಸುವಂತಿದ್ದರೆ ತಾಳೆ ನೋಡಲು ಒಂದು ದಾರಿ ಇದೆ. ಸೆಕೆಂಡಿಗೆ ಎಷ್ಟು ಮೆಗಾಬಿಟ್ ಇದೆಯೋ ಅದನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಜಿಬಿ ಅಂತ ಸಿಗುತ್ತದೆ. ಗಂಟೆಗೆ 3600 ಸೆಕೆಂಡು, ಎಂಟು ಬಿಟ್‌ಗೆ ಒಂದು ಬೈಟ್, ಅಷ್ಟೇ.

ನನಗೆ ನಿಜಕ್ಕೂ ಅಚ್ಚರಿಯಾಗಿದ್ದು ಬೇರೆ. ಒಂದೇ ಗುಣಮಟ್ಟದಲ್ಲೂ ವೀಡಿಯೊ ಎಂಥದ್ದು ಅನ್ನುವುದರ ಮೇಲೆ ಡೇಟಾ ಬದಲಾಗುತ್ತದೆ. ನಾನು ನೋಡುವ ಆನ್‌ಲೈನ್ ಪಾಠದಲ್ಲಿ ಸ್ಲೈಡ್ ನಿಮಿಷಗಟ್ಟಲೆ ಅಲುಗಾಡುವುದಿಲ್ಲ. 480pಯಲ್ಲಿ ಅದಕ್ಕೆ ಗಂಟೆಗೆ 0.3 ಜಿಬಿ ಸಾಕಾಯಿತು. ಆಟದ ನೇರ ಪ್ರಸಾರದಲ್ಲಿ ಇಡೀ ಪರದೆ ಪ್ರತಿ ಕ್ಷಣ ಬದಲಾಗುತ್ತದೆ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನೇ ಮುಖ್ಯವಾಗಿ ಕಳಿಸುವುದರಿಂದ, ಬದಲಾವಣೆ ಹೆಚ್ಚಾದಷ್ಟೂ ಡೇಟಾ ಹೆಚ್ಚು. 720pಯಲ್ಲಿ ಒಂದು ಪಂದ್ಯ ಗಂಟೆಗೆ 1.6 ಜಿಬಿ ತೆಗೆದುಕೊಂಡಿತು. ಹಾಗಾಗಿ ಗುಣಮಟ್ಟದ ಜೊತೆಗೆ ನೀವು ನೋಡುವ ಬಗೆಯನ್ನೂ ಬೇರೆಬೇರೆಯಾಗಿ ಅಳೆಯಿರಿ.

ಇನ್ನು ತಿಂಗಳ ಲೆಕ್ಕ. ಕೆಲಸದ ದಿನ 22, ದಿನಕ್ಕೆ ಒಂದು ಗಂಟೆ ಪಾಠ: 6.6 ಜಿಬಿ. ರಜೆಯ ದಿನ 8, ದಿನಕ್ಕೆ ಎರಡು ಗಂಟೆ 720p: 17.6 ಜಿಬಿ. ಮೆಸೇಜು, ಮ್ಯಾಪು, ಆ್ಯಪ್ ಅಪ್‌ಡೇಟು ಎಲ್ಲ ಸೇರಿ ಹಿಂದಿನ ತಿಂಗಳು 6 ಜಿಬಿ ಹೋಗಿತ್ತು. ಒಟ್ಟು 30.2. ಇದರ ಮೇಲೆ ಶೇಕಡಾ 15 ಸೇರಿಸಿದೆ, ಸುಮಾರು 35 ಆಯಿತು.

ದಿನಕ್ಕೆ 1.2 ಜಿಬಿ ಕೊಡುವ ಪ್ಯಾಕ್ ತೆಗೆದುಕೊಂಡರೆ ತಿಂಗಳಿಗೆ 36 ಆಗುತ್ತದೆ, ಸರಿಹೋಗುತ್ತದೆ ಅನ್ನಿಸುತ್ತದೆ ಅಲ್ವಾ? ಆಗುವುದಿಲ್ಲ. ರಜೆಯ ದಿನ ನನಗೆ ವೀಡಿಯೊಗೇ 2.2 ಜಿಬಿ ಬೇಕು. ಕೆಲಸದ ದಿನ ಉಳಿದದ್ದು ಅಂಥ ಪ್ಯಾಕಿನಲ್ಲಿ ಮಧ್ಯರಾತ್ರಿಗೆ ಸುಮ್ನೆ ಹೋಗಿಬಿಡುತ್ತದೆ. ಅದಕ್ಕೆ ತಿಂಗಳಿಗೆ ಒಟ್ಟಾಗಿ 40 ಜಿಬಿ ಕೊಡುವುದನ್ನು ಆರಿಸಿದೆ. ಮೊಬೈಲ್ ಡೇಟಾಗೆ ಮತ್ತು ವೈಫೈಗೆ ಗುಣಮಟ್ಟ ಬೇರೆಬೇರೆ ಇಡುವ ಸೆಟ್ಟಿಂಗ್ ಇತ್ತು, ಅದರಲ್ಲಿ ಆಟೋ ತೆಗೆದೆ. ಒಂದು ವೀಡಿಯೊ ಮುಗಿದ ತಕ್ಷಣ ಇನ್ನೊಂದು ಶುರುವಾಗುವುದನ್ನೂ ನಿಲ್ಲಿಸಿದೆ.

ತಿಂಗಳ ಕೊನೆಗೆ ಮೀಟರ್ 33.4 ತೋರಿಸಿತು. ಲೆಕ್ಕಕ್ಕಿಂತ ಮೇಲೆ ಹೋದ 3.2 ಜಿಬಿ ಎಲ್ಲಿಯದು ಅಂತ ಹುಡುಕಿದೆ. ಒಂದು ಭಾನುವಾರ ಎರಡು ಗಂಟೆ ಪಂದ್ಯ ನೋಡಿದ್ದೆ, ಅದನ್ನು ಲೆಕ್ಕದಲ್ಲಿ ಸೇರಿಸಿಯೇ ಇರಲಿಲ್ಲ. ಈಗ ನನ್ನ ಪಟ್ಟಿಯಲ್ಲಿ ಪಂದ್ಯಕ್ಕೆ ಬೇರೆ ಸಾಲು ಇದೆ.